ಸಿಮ್ ಬದಲಾದೊಡನೆ ಬ್ಯಾಂಕ್ ಆ್ಯಪ್ ಏಕೆ ನಿಲ್ಲುತ್ತದೆ?

ಪ್ರಶ್ನೆ: ಶನಿವಾರ ಬಸ್ಸಿನಲ್ಲಿ ಫೋನ್ ಕಳೆದುಹೋಯಿತು. ಅಂದೇ ಹೊಸ ಆಂಡ್ರಾಯ್ಡ್ ಫೋನ್ ಕೊಂಡು, ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಹಾಕಿಸಿದೆ. ಸಂಜೆ 6ಕ್ಕೆ ಸಿಮ್ ಚಾಲೂ ಆಯಿತು. ಕರೆ, ಇಂಟರ್ನೆಟ್ ಎಲ್ಲ ಸರಿ ಇದ್ದರೂ ಭಾನುವಾರವಿಡೀ ಯುಪಿಐ ಆ್ಯಪ್ ನಂಬರನ್ನು ಒಪ್ಪಲಿಲ್ಲ. ರಾತ್ರಿ 7ಕ್ಕೆ ತಾನೇ ಒಪ್ಪಿತು, ಆದರೆ 12,000 ರೂ. ಬಾಡಿಗೆ ಹೋಗಲಿಲ್ಲ. ಆ್ಯಪ್ ಕೆಟ್ಟಿದೆಯೇ?

ಉತ್ತರ: ಆ್ಯಪ್ ಕೆಟ್ಟಿಲ್ಲ. ವಾರಕ್ಕೆ ನಾಲ್ಕು ಬಾರಿಯಾದರೂ ಈ ದೂರು ನನಗೆ ಬರುತ್ತದೆ, ಮತ್ತು ದೂರುವವರಲ್ಲಿ ಬಹುತೇಕರು ಆ್ಯಪನ್ನು ಹತ್ತು ಸಲ ಅಳಿಸಿ ಹಾಕಿಕೊಂಡ ಮೇಲೆಯೇ ಬರೆಯುತ್ತಾರೆ.

ಆ್ಯಪ್ ನಿಮ್ಮನ್ನು ಗುರುತಿಸುವುದು ನಂಬರಿನಿಂದ ಮಾತ್ರವಲ್ಲ, ಆ ನಂಬರು ಮತ್ತು ಆ ಫೋನು ಎರಡನ್ನೂ ಜೋಡಿಯಾಗಿ ಕಟ್ಟಿಹಾಕಿ. ಇದನ್ನೇ ಡಿವೈಸ್ ಬೈಂಡಿಂಗ್ ಎನ್ನುತ್ತಾರೆ. ನೋಂದಣಿಯ ಹೊತ್ತಿಗೆ ಆ್ಯಪ್ ಅರ್ಥವಾಗದ ಅಕ್ಷರಗಳ ಒಂದು ಎಸ್ಸೆಮ್ಮೆಸ್ಸನ್ನು ನಿಮ್ಮ ಸಿಮ್‌ನಿಂದ ಬ್ಯಾಂಕಿನ ನಂಬರಿಗೆ ಕಳಿಸುತ್ತದೆ. ಅದು ಯಾವ ನಂಬರಿನಿಂದ ಬಂತೆಂಬುದನ್ನು ಬ್ಯಾಂಕು ನಿಮ್ಮ ಬಾಯಿಂದ ಕೇಳುವುದಿಲ್ಲ, ಮೊಬೈಲ್ ಜಾಲದಿಂದಲೇ ತಿಳಿಯುತ್ತದೆ. ಒಟಿಪಿ ಒಳಬರುವ ಸಂದೇಶವಾದ್ದರಿಂದ ಅದನ್ನು ಕಳ್ಳನಿಗೆ ಓದಿ ಹೇಳಿಬಿಡಬಹುದು, ಇದು ಹೊರಹೋಗುವ ಸಂದೇಶ. ನಿಮ್ಮ ಸಿಮ್ ತನ್ನ ಕೈಯಲ್ಲಿಲ್ಲದ ಕಳ್ಳ ತನ್ನ ಫೋನಿನಿಂದ ಅದನ್ನು ಕಳಿಸಿದರೆ ಅವನ ನಂಬರೇ ಕಾಣುತ್ತದೆ. ಹಳೆಯ ಫೋನಿನ ಬ್ಯಾಕಪ್ಪಿನಿಂದ ಆ್ಯಪ್ ಹೊಸ ಫೋನಿಗೆ ಬಂದರೂ ಈ ಕಟ್ಟು ಅದರೊಂದಿಗೆ ಬಾರದು, ಹೊಸದಾಗಿಯೇ ಕಟ್ಟಬೇಕು.

ನಿಮ್ಮ ಭಾನುವಾರ ಹಾಳಾದದ್ದು ಇಲ್ಲಿಯೇ. ಡೂಪ್ಲಿಕೇಟ್ ಸಿಮ್ ಚಾಲೂ ಆದ ಮೇಲೆ 24 ಗಂಟೆ ಅದರಲ್ಲಿ ಎಸ್ಸೆಮ್ಮೆಸ್ ಒಳಬರುವುದನ್ನೂ ಹೊರಹೋಗುವುದನ್ನೂ ತಡೆಯುವಂತೆ ದೂರಸಂಪರ್ಕ ಇಲಾಖೆ 2022ರಲ್ಲಿ ಮೊಬೈಲ್ ಕಂಪನಿಗಳಿಗೆ ಆದೇಶಿಸಿದೆ. ಕರೆ ಮತ್ತು ಇಂಟರ್ನೆಟ್ ನಡೆಯುವುದರಿಂದ ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ನಿಮ್ಮ ಹೆಸರಿನಲ್ಲಿ ಬೇರೊಬ್ಬ ಸಿಮ್ ಎತ್ತಿದ್ದರೆ ನಿಮ್ಮ ಫೋನಿನ ಸಿಗ್ನಲ್ ಏಕಾಏಕಿ ಹೋಗುತ್ತದೆ. ಅದನ್ನು ಗಮನಿಸಿ ಕಂಪನಿಗೂ ಬ್ಯಾಂಕಿಗೂ ತಿಳಿಸಲು ಸಿಗುವ ಬಿಡುವೇ ಈ 24 ಗಂಟೆ.

ಬಾಡಿಗೆಯದು ಬೇರೆ ತಡೆ. ಯುಪಿಐಯಲ್ಲಿ ಹೊಸ ಫೋನ್ ಕಟ್ಟಿದ ಮೊದಲ 24 ಗಂಟೆ ಒಟ್ಟು 5,000 ರೂಪಾಯಿಗಿಂತ ಹೆಚ್ಚು ಹೋಗದು, ಐಫೋನ್ ಆದರೆ ಈ ಅವಧಿ 72 ಗಂಟೆ. ನೀವು ಕಟ್ಟಿದ್ದು ಭಾನುವಾರ ರಾತ್ರಿ 7ಕ್ಕೆ, ಆದ್ದರಿಂದ ಸೋಮವಾರ ರಾತ್ರಿ 7ರ ಮೇಲೆ ಪ್ರಯತ್ನಿಸಿ. ನಾನಂತೂ ತಿಂಗಳ ಮೊದಲ ವಾರದಲ್ಲಿ ಸಿಮ್ ಮುಟ್ಟುವುದೇ ಇಲ್ಲ.

ಎರಡನೇ ದಿನವೂ ಎಸ್ಸೆಮ್ಮೆಸ್ ಹೋಗದಿದ್ದರೆ, ಎರಡು ಸಿಮ್‌ನ ಫೋನಿನಲ್ಲಿ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನೇ ಆರಿಸಿದ್ದೀರಾ ಎಂದು ನೋಡಿ, ಆ ನಂಬರಿನಲ್ಲಿ ಎಸ್ಸೆಮ್ಮೆಸ್ ಕಳಿಸಲು ರೀಚಾರ್ಜ್ ಇದೆಯೇ ಎಂದೂ ನೋಡಿ. ನನ್ನ ಅನುಭವದಲ್ಲಿ ಉಳಿದ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲೇ ಮುಗಿಯುತ್ತವೆ.

ಈ ಕಾವಲಿಗೊಂದು ಬಿರುಕಿದೆ. ಕಳ್ಳನು ತನ್ನ ಫೋನಿನ ಆ್ಯಪ್ ಸೃಷ್ಟಿಸಿದ ಆ ಅಕ್ಷರಗಳನ್ನು ನಿಮಗೆ ಕಳಿಸಿ, 'ಇದನ್ನು ಈ ನಂಬರಿಗೆ ಫಾರ್ವರ್ಡ್ ಮಾಡಿ, ಕೆವೈಸಿ ಆಗುತ್ತದೆ' ಎನ್ನುತ್ತಾನೆ. ನೀವು ಕಳಿಸಿದರೆ ಜಾಲಕ್ಕೆ ನಿಮ್ಮ ನಂಬರೇ ಕಾಣುತ್ತದೆ, ಕಟ್ಟು ಮಾತ್ರ ಅವನ ಫೋನಿಗೆ ಬೀಳುತ್ತದೆ. ಆಮೇಲೆ ಉಳಿಯುವ ತಡೆ ನಿಮ್ಮ ಯುಪಿಐ ಪಿನ್ ಒಂದೇ, ಅದನ್ನೂ ಅವನು ಮುಂದಿನ ಮಾತಿನಲ್ಲೇ ಕೇಳುತ್ತಾನೆ. ಅರ್ಥವಾಗದ ಅಕ್ಷರಗಳ ಎಸ್ಸೆಮ್ಮೆಸ್ಸನ್ನು ಬೇರೆಯವರು ಹೇಳಿದರೆಂದು ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಕೂಡಲೇ ಬ್ಯಾಂಕಿಗೆ ಕರೆ ಮಾಡಿ ಯುಪಿಐ ನಿಲ್ಲಿಸಿ, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಪ್ರಶ್ನೆ: ಒಂದೇ ನಂಬರಿನಲ್ಲಿ ಅದೇ ಯುಪಿಐ ಆ್ಯಪನ್ನು ನನ್ನ ಫೋನಿನಲ್ಲೂ ಮಗನ ಫೋನಿನಲ್ಲೂ ಇಟ್ಟುಕೊಳ್ಳಬಹುದೇ?

ಉತ್ತರ: ಆಗದು, ಮಗನ ಫೋನಿನಲ್ಲಿ ಕಟ್ಟಿದರೆ ನಿಮ್ಮದು ಬಿಚ್ಚಿಹೋಗುತ್ತದೆ.

ಪ್ರಶ್ನೆ: ಮೊಬೈಲ್ ಅಂಗಡಿಯವರು 300 ರೂ. ಪಡೆದು, ಪಿನ್ ಕೇಳಿಕೊಂಡು ಆ್ಯಪ್ ಸರಿಮಾಡಿಕೊಟ್ಟರು. ತೊಂದರೆಯೇನೂ ಇಲ್ಲವಲ್ಲ?

ಉತ್ತರ: 24 ಗಂಟೆ ಕಾದರೆ ತಾನೇ ಆಗುವ ಕೆಲಸಕ್ಕೆ ಹಣವನ್ನೂ ಪಿನ್ನನ್ನೂ ಕೊಟ್ಟಿದ್ದೀರಿ, ಮೊದಲು ಪಿನ್ ಬದಲಿಸಿ.