ಇಪ್ಪೊನ್, ಸಂಬೊನ್ ಮತ್ತು ನಮ್ಮ ಇಪ್ಪತ್ತು, ಎಂಬತ್ತು

ಪ್ರಶ್ನೆ: ಚೈನೀಸ್, ಜಪಾನೀಸ್‌ನಲ್ಲಿ ಒಂದೊಂದು ವಸ್ತು ಎಣಿಸೋಕೆ ಒಂದೊಂದು ಪದ ಬೇಕಂತೆ. ಕನ್ನಡದಲ್ಲೂ ಮೊಳ, ಕಟ್ಟು, ಜೊತೆ ಅಂತೆಲ್ಲ ಇದೆಯಲ್ಲ, ಅದೂ ಇದೂ ಒಂದೇನಾ? ಜಪಾನೀಸ್ ಶುರು ಮಾಡಿದ್ದೇನೆ, ಒಂದು, ಎರಡು, ಮೂರು ಪೆನ್ಸಿಲ್‌ಗೆ ಇಪ್ಪೊನ್, ನಿಹೊನ್, ಸಂಬೊನ್ ಅಂತ ಯಾಕೆ ಬದಲಾಗುತ್ತೆ ಅಂತ ಅರ್ಥವಾಗ್ತಿಲ್ಲ.

ಒಂದೇ ಅಲ್ಲ. ಆದರೆ ಕನ್ನಡದಲ್ಲಿ ಒಂದು ಜಾಗದಲ್ಲಿ ಮಾತ್ರ ಅವರ ಪದ್ಧತಿಗೆ ತುಂಬ ಹತ್ತಿರ ಬರುತ್ತೇವೆ. ನಾನು ಮೊದಲು ಜಪಾನೀಸ್, ಆಮೇಲೆ ಸ್ವಲ್ಪ ಚೈನೀಸ್ ಕಲಿತವನು. ವ್ಯತ್ಯಾಸ ತಿಳಿಯೋಕೆ ನಾನು ಬಳಸುವ ಪರೀಕ್ಷೆ ಬಹಳ ಸುಲಭ: ನಡುವಿನ ಪದವನ್ನು ತೆಗೆದು ನೋಡಿ.

"ಎರಡು ಮೊಳ ಹೂ" ಅನ್ನುವುದರಲ್ಲಿ ಮೊಳ ತೆಗೆದರೆ "ಎರಡು ಹೂ" ಉಳಿಯುತ್ತದೆ. ಹೂವಾಡಗಿತ್ತಿ ಮಾಲೆ ಕೊಡುವುದಿಲ್ಲ, ಬಿಡಿ ಹೂ ಎರಡು ಕೊಡುತ್ತಾಳೆ. ಒಂದು ಕಟ್ಟು ಸೊಪ್ಪು, ಒಂದು ಚಿಪ್ಪು ಬಾಳೆಹಣ್ಣು, ಒಂದು ಜೊತೆ ಚಪ್ಪಲಿ, ಇವೆಲ್ಲ ಹೀಗೇ. ಪದ ಹೋದರೆ ಪ್ರಮಾಣವೇ ಬದಲಾಗುತ್ತದೆ. ಅಂದರೆ ಇವು ಅಳತೆಗಳು. ಇಂಥವು ಚೈನೀಸ್‌ನಲ್ಲೂ ಇವೆ, ಜಪಾನೀಸ್‌ನಲ್ಲೂ ಇವೆ, ಇಂಗ್ಲಿಷ್‌ನಲ್ಲೂ ಇವೆ. ಇದರಲ್ಲಿ ವಿಶೇಷ ಏನೂ ಇಲ್ಲ.

ಈಗ ಚೈನೀಸ್‌ನ "ಸಾನ್ ಬೆನ್ ಶೂ" ನೋಡಿ. ಸಾನ್ ಅಂದರೆ ಮೂರು, ಶೂ ಅಂದರೆ ಪುಸ್ತಕ. ನಡುವಿನ ಬೆನ್ ಯಾವ ಅಳತೆಯನ್ನೂ ಹೇಳುವುದಿಲ್ಲ. ಮೂರು ಪುಸ್ತಕ ಅಂದರೆ ಮೂರೇ ಪುಸ್ತಕ. ಆದರೂ ಅದನ್ನು ತೆಗೆದು "ಸಾನ್ ಶೂ" ಅಂದರೆ ಮಾತು ಮುರಿದ ಹಾಗೆ ಕೇಳುತ್ತದೆ. ಅರ್ಥಕ್ಕೆ ಬೇಡ, ವ್ಯಾಕರಣಕ್ಕೆ ಬೇಕು. ನಿಮಗೆ ಹೊಸದಾಗಿ ಕಾಣುತ್ತಿರುವುದು ಈ ಎರಡನೇ ಜಾತಿಯ ಪದ. ಪುಸ್ತಕ, ಪೆನ್ಸಿಲ್, ಬೆಕ್ಕು, ಕಾರು, ಯಾವುದಕ್ಕೂ ಕನ್ನಡದಲ್ಲಿ ಇಂಥದ್ದು ಬೇಕಿಲ್ಲ. ಮೂರು ಪುಸ್ತಕ, ಮೂರು ಬೆಕ್ಕು, ಮುಗಿಯಿತು.

ಮನುಷ್ಯರ ವಿಷಯ ಬಂದಾಗ ಮಾತ್ರ ಕಥೆ ಬೇರೆ. "ಮೂರು ಹುಡುಗರು ಬಂದರು" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ, ಅಲ್ವಾ? "ಮೂವರು ಹುಡುಗರು" ಅನ್ನಬೇಕು, ಇಲ್ಲವೇ "ಮೂರು ಜನ ಹುಡುಗರು" ಅನ್ನಬೇಕು. ಈ "ಜನ" ಪ್ರಮಾಣವನ್ನು ಬದಲಿಸುವುದಿಲ್ಲ. ಇದ್ದರೂ ಮೂರೇ, ಇಲ್ಲದಿದ್ದರೂ ಮೂರೇ. ಆದರೂ ಬೇಕು. ಅಂದರೆ ಅದು ಮಾಡುತ್ತಿರುವುದು ಬೆನ್ ಮಾಡುವ ಕೆಲಸವನ್ನೇ. ಕೆಲವು ಕಡೆ ಇದೇ ಜಾಗಕ್ಕೆ "ಮಂದಿ" ಬರುತ್ತದೆ. ಬಂಗಾಳಿಯಲ್ಲೂ ಮನುಷ್ಯರನ್ನು ಎಣಿಸೋಕೆ ಇದೇ ಸಂಸ್ಕೃತ ಮೂಲದ "ಜೊನ್" ಇದೆ. ಆದರೆ ಅವರು ಪುಸ್ತಕಕ್ಕೂ ಕುರ್ಚಿಗೂ "ಟಾ" ಸೇರಿಸಿ ಎಣಿಸುತ್ತಾರೆ. ನಾವು ಮನುಷ್ಯರಿಗೇ ನಿಲ್ಲಿಸಿದ್ದೇವೆ.

ಜಪಾನೀಸ್ ಕಲಿಯುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಒಬ್ಬರಿಗೆ ಹಿತೊರಿ, ಇಬ್ಬರಿಗೆ ಫುತಾರಿ, ಇವು ಅಚ್ಚ ಜಪಾನೀ ರೂಪಗಳು. ಮೂರರಿಂದ ಸನ್ನಿನ್, ಯೊನಿನ್, ಗೊನಿನ್ ಅಂತ ಸಂಖ್ಯೆಗೆ "ನಿನ್" ಅಂಟಿಸುತ್ತಾ ಹೋಗಬೇಕು. ನಮ್ಮಲ್ಲೂ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ತನಕ ವಿಶೇಷ ರೂಪ, ಆಮೇಲೆ ಆರು ಜನ, ಏಳು ಜನ. ಹಳಗನ್ನಡದಲ್ಲಿ ಕೌರವರು "ನೂರ್ವರು" ಆಗಿದ್ದರು. ಈಗ ಆ ರೂಪಗಳು ಐದರ ಹತ್ತಿರ ನಿಂತಿವೆ, ಜಪಾನೀಸ್‌ನಲ್ಲಿ ಎರಡಕ್ಕೇ ನಿಂತಿವೆ. ಸಣ್ಣ ಸಂಖ್ಯೆಗಳನ್ನು ದಿನಾ ಬಳಸುತ್ತೇವೆ, ಅದಕ್ಕೇ ಅವುಗಳ ಹಳೇ ರೂಪ ಬೇಗ ಸವೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಲಿಪಿ ಒಂದೇ ಅಂತ ಚೈನೀಸ್ ಪದವನ್ನು ಜಪಾನೀಸ್‌ಗೆ ಎತ್ತಿಕೊಂಡು ಹೋಗಬೇಡಿ. ಪುಸ್ತಕ ಎಣಿಸುವ ಆ ಬೆನ್ ಅಕ್ಷರವನ್ನೇ ಜಪಾನೀಸ್‌ನಲ್ಲಿ "ಹೊನ್" ಅಂತ ಓದುತ್ತಾರೆ. ಆದರೆ ಅದರಿಂದ ಎಣಿಸುವುದು ಪೆನ್ಸಿಲ್, ಬಾಟಲಿ, ಮರದಂಥ ಉದ್ದನೆಯ ವಸ್ತುಗಳನ್ನು. ಸಿನಿಮಾ, ಫೋನ್ ಕರೆ ಕೂಡ ಹೊನ್ ಲೆಕ್ಕದಲ್ಲೇ. ಪುಸ್ತಕಕ್ಕೆ ಅಲ್ಲಿ "ಸತ್ಸು". ಕೊಡೆಯನ್ನು ಜಪಾನೀಸ್ ಉದ್ದನೆಯ ವಸ್ತು ಅಂತ ನೋಡಿ ಹೊನ್ ಹಾಕುತ್ತದೆ. ಚೈನೀಸ್ ಅದನ್ನು ಕೈಯಲ್ಲಿ ಹಿಡಿಯುವ ವಸ್ತು ಅಂತ ನೋಡಿ "ಬಾ" ಹಾಕುತ್ತದೆ. ಚಾಕು, ಕುರ್ಚಿಯೂ ಆ "ಬಾ" ಗುಂಪಿನವೇ. ವಸ್ತುವಿನ ಯಾವ ಗುಣ ಎಣಿಕೆಗೆ ಮುಖ್ಯ ಅನ್ನುವುದನ್ನು ಆಯಾ ಭಾಷೆಯೇ ತೀರ್ಮಾನಿಸುತ್ತದೆ. ಹಾಗಾಗಿ ಪದದ ಜೊತೆಗೇ ಎಣಿಕೆಯನ್ನೂ ಕಲಿಯಬೇಕು.

ಈಗ ನಿಮ್ಮ ಇಪ್ಪೊನ್, ಸಂಬೊನ್. ಇದನ್ನು ಸುಮ್ನೆ ಬಾಯಿಪಾಠ ಮಾಡಬೇಕಿಲ್ಲ, ಕನ್ನಡಿಗರಿಗಂತೂ ಬೇಡವೇ ಬೇಡ. ಈಗಿನ ಜಪಾನೀಸ್‌ನ "ಹ" ಹಿಂದೆ "ಪ" ಆಗಿತ್ತು. ಕನ್ನಡದಲ್ಲೂ ಹಾಗೇ ಆಯಿತು: ಪಾಲು ಹಾಲಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ಆದರೆ ಹತ್ತು ಇನ್ನೊಂದು ಸಂಖ್ಯೆಯ ಜೊತೆ ಸೇರಿದ ಕಡೆ ನೋಡಿ. ಇಪ್ಪತ್ತು, ಎಪ್ಪತ್ತು: ಇಲ್ಲಿ ಹಿಂದಿನ ವ್ಯಂಜನ ಕರಗಿ ಪ ಒತ್ತಾಗಿದೆ, ಹಾಗಾಗಿ ಹಳೇ ಪ ಉಳಿದುಕೊಂಡಿದೆ. ಎಂಬತ್ತು, ತೊಂಬತ್ತು: ಇಲ್ಲಿ ಮುಂಚೆ ಅನುನಾಸಿಕ ಇದೆ, ಅದಕ್ಕೆ ಪ ಹೋಗಿ ಬ ಆಗಿದೆ. ಹತ್ತು, ಇಪ್ಪತ್ತು, ಎಂಬತ್ತು.

ಅದರ ಪಕ್ಕದಲ್ಲಿ ಹೊನ್, ಇಪ್ಪೊನ್, ಸಂಬೊನ್ ಇಡಿ. ಇಚಿ ಅಂದರೆ ಒಂದು, ಅದರ ಕೊನೆ ಕರಗಿ ಪ ಒತ್ತಾಯಿತು, ಇಪ್ಪೊನ್. ರೊಕು, ಹಚಿ, ಜೂ, ಅಂದರೆ ಆರು, ಎಂಟು, ಹತ್ತರಲ್ಲೂ ಹೀಗೇ: ರೊಪ್ಪೊನ್, ಹಪ್ಪೊನ್, ಜುಪ್ಪೊನ್. ಮೂರಕ್ಕೆ ಸನ್, ಅದರ ಕೊನೆಯಲ್ಲಿ ಅನುನಾಸಿಕ ಇದೆ, ಸಂಬೊನ್. ಎರಡರ ನಿ, ಐದರ ಗೊ ಸ್ವರದಲ್ಲಿ ಮುಗಿಯುತ್ತವೆ, ಅಲ್ಲಿ ಹ ಹಾಗೇ ಇದೆ: ನಿಹೊನ್, ಗೊಹೊನ್. ಎರಡು ಭಾಷೆಗೂ ಇದರಲ್ಲಿ ನೆಂಟಸ್ತಿಕೆ ಏನೂ ಇಲ್ಲ. ಮನುಷ್ಯರ ಬಾಯಿ ಎರಡೂ ಕಡೆ ಒಂದೇ ಥರ ಕೆಲಸ ಮಾಡಿದೆ, ಅಷ್ಟೇ.

ಇದು ಹ ಇಂದ ಶುರುವಾಗುವ ಬೇರೆ ಎಣಿಕೆಗಳಿಗೂ ಆಗುತ್ತದೆ. ಸಣ್ಣ ಪ್ರಾಣಿಗಳಿಗೆ ಇಪ್ಪಿಕಿ, ನಿಹಿಕಿ, ಸಂಬಿಕಿ. ಲೋಟಕ್ಕೆ ಇಪ್ಪೈ, ನಿಹೈ, ಸಂಬೈ. ನೂರಕ್ಕೆ ಹ್ಯಾಕು, ಮುನ್ನೂರಕ್ಕೆ ಸಂಬ್ಯಾಕು, ಆರುನೂರಕ್ಕೆ ರೊಪ್ಪ್ಯಾಕು. ಹಾಳೆ ಎಣಿಸುವ ಮಾಯ್, ಯಂತ್ರ ಎಣಿಸುವ ದಾಯ್ ಮಾತ್ರ ಬದಲಾಗುವುದೇ ಇಲ್ಲ.

ನಿಮಗೆ ಕೈಕೊಡುವುದು ನಾಲ್ಕು. ಯೊನ್ ಕೂಡ ಅನುನಾಸಿಕದಲ್ಲೇ ಮುಗಿಯುತ್ತದೆ, ಆದರೂ ಯೊಂಬೊನ್ ಅನ್ನುವುದಿಲ್ಲ, ಯೊನ್‌ಹೊನ್ ಅನ್ನುತ್ತಾರೆ. ಚೈನಾದಿಂದ ಬಂದ ನಾಲ್ಕು "ಶಿ". ಸಾವಿಗೂ ಅದೇ ಉಚ್ಚಾರ, ಹಾಗಾಗಿ ಅದನ್ನು ಬಹಳ ಕಡೆ ಬಿಟ್ಟು ದೇಸಿ ಯೊನ್ ತಂದರು. ಅದು ಆಮೇಲೆ ಬಂದು ಸೇರಿದ್ದು, ಹಳೇ ಬದಲಾವಣೆ ಅದಕ್ಕೆ ತಗಲಲಿಲ್ಲ. ಏಳರ "ನನ" ಕೂಡ ದೇಸಿ, ಅದೂ ನನಹೊನ್.

ವಾಕ್ಯದಲ್ಲಿ ಎಣಿಕೆಯ ಜಾಗ ಮಾತ್ರ ನಮಗೆ ಸಲೀಸು. "ಎನ್‌ಪಿತ್ಸು ಒ ಸಂಬೊನ್ ಕುದಸಾಯ್" ಅಂದರೆ "ಪೆನ್ಸಿಲ್ ಮೂರು ಕೊಡಿ", ಪದದ ಸಾಲೂ ಅದೇ. ಚೈನೀಸ್‌ನಲ್ಲಿ ಎಣಿಕೆ ಸಾಮಾನ್ಯವಾಗಿ ವಸ್ತುವಿನ ಮುಂಚೆ ಬರುತ್ತದೆ. ಅಂಗಡಿಯಲ್ಲಿ ಹೊನ್ನೋ ಮಾಯೋ ನೆನಪಾಗದಿದ್ದರೆ ಒಂದು, ಎರಡು, ಮೂರಕ್ಕೆ ಹಿತೊತ್ಸು, ಫುತಾತ್ಸು, ಮಿತ್ತ್ಸು ಬಳಸಿ. ಅದು ಒಂಬತ್ತರ ತನಕ ಹೋಗುತ್ತದೆ, ಹತ್ತಕ್ಕೆ "ತೋ". ಮನುಷ್ಯರಿಗೂ ಪ್ರಾಣಿಗಳಿಗೂ ಮಾತ್ರ ಅದನ್ನು ಹಾಕಬೇಡಿ.