ನ್ಯೂಯಾರ್ಕ್ ಮೀಟಿಂಗ್ ಒಂದು ಗಂಟೆ ಮೊದಲೇ ಮುಗಿದದ್ದೇಕೆ?

«ಪುಣೆಯಲ್ಲಿದ್ದೇನೆ. ನ್ಯೂಯಾರ್ಕ್ ತಂಡದ ಸೋಮವಾರದ ಮೀಟಿಂಗಿಗೆ ಎಂದಿನಂತೆ ಸಂಜೆ 7:30ಕ್ಕೆ ಸೇರಿದರೆ ಎಲ್ಲರೂ ಹೋಗಿಬಿಟ್ಟಿದ್ದರು. ಮಾರ್ಚ್ 9, 2026ರಿಂದ ಏನಾಯಿತು?»

ಹಿಂದಿನ ದಿನ, ಅಂದರೆ ಮಾರ್ಚ್ 8ರ ಭಾನುವಾರ, ನ್ಯೂಯಾರ್ಕಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿದ್ದು, ಭಾರತದ ಸಮಯ ಬದಲಾಗದ ಕಾರಣ ಹತ್ತೂವರೆ ಗಂಟೆಯಿದ್ದ ಅಂತರ ಒಂಬತ್ತೂವರೆಗೆ ಇಳಿದಿದೆ. ಅವರ ಬೆಳಿಗ್ಗೆ 9 ಗಂಟೆ ಈಗ ನಿಮಗೆ ಸಂಜೆ 6:30.

ಮೀಟಿಂಗ್ ಯಾರ ಗಡಿಯಾರಕ್ಕೆ ಕಟ್ಟಿಕೊಂಡಿದೆ ಎಂಬುದನ್ನು ಮೊದಲು ತಂಡದವರಲ್ಲಿ ಕೇಳಿ. ಅದು ನ್ಯೂಯಾರ್ಕಿನದಾಗಿದ್ದರೆ, ನೀವು ಕೈಯಾರೆ ಬರೆದುಕೊಂಡ 7:30ರ ನಮೂದನ್ನು ಅಳಿಸಿ, ಕ್ಯಾಲೆಂಡರಿನಲ್ಲಿ America/New_York ವಲಯವನ್ನು ಆರಿಸಿ ಬೆಳಿಗ್ಗೆ 9 ಎಂದು ಹೊಸದಾಗಿ ನಮೂದಿಸಿ. EST ಎಂಬುದನ್ನು ಆರಿಸಬೇಡಿ. ಅದು ಚಳಿಗಾಲದ ಸಮಯವಾದ್ದರಿಂದ ಬೇಸಿಗೆಯಲ್ಲಿ ಇದೇ ತಪ್ಪು ಮರುಕಳಿಸಬಹುದು.

ಸರಿಯಾಗಿದೆಯೇ ಎಂದು ತಿಳಿಯಲು ನವೆಂಬರ್ 2ರ ಸೋಮವಾರವನ್ನು ತೆರೆದು ನೋಡಿ: ನವೆಂಬರ್ 1ರಂದು ಅವರ ಗಡಿಯಾರ ಹಿಂದಕ್ಕೆ ಬರುವುದರಿಂದ, ಅಲ್ಲಿ ಮತ್ತೆ 7:30 ಕಾಣಬೇಕು.