ಟಿಕೆಟ್ ಕೊಟ್ಟ ಕೈಯೂ ಅವರದ್ದೇ, ಬೈದ ಬಾಯಿಯೂ ಅವರದ್ದೇ

"ಅಣ್ಣಾ, ನಾನು ಬ್ರಹ್ಮಾವರದವನು. ದುಬೈಗೆ ಬಂದು ಎಂಟು ತಿಂಗಳಾಯ್ತು. ವೀಸಾ ಮಾಡಿಸಿ ಕರೆಸಿಕೊಂಡ ಮ್ಯಾನೇಜರ್ ನಮ್ಮ ಕಡೆಯವರೇ. ಮೊದಲು ಸ್ವಂತ ತಮ್ಮನ ಹಾಗೆ ನೋಡಿಕೊಂಡರು, ಈಗ ಎಲ್ಲರ ಎದುರು ಬೈಯುತ್ತಾರೆ. ಬೆಳಿಗ್ಗೆ ಅವರ ಮುಖ ನೋಡಲಿಕ್ಕೂ ಮನಸ್ಸಿಲ್ಲ. ರಾತ್ರಿ ಅವರು ಮಾಡಿದ ಉಪಕಾರ ನೆನಪಾದರೆ ನನ್ನ ಮೇಲೆಯೇ ನಾಚಿಕೆ. ನನ್ನ ತಲೆ ಸರಿ ಉಂಟಾ? ಇಲ್ಲೇ ನಿಲ್ಲಬೇಕಾ, ಬಿಡಬೇಕಾ?"

ತಲೆ ಸರಿಯೇ ಉಂಟು ಮಾರಾಯ. ನಾನು ರಜೆಯಲ್ಲಿ ಉಡುಪಿಯ ಮನೆಯಲ್ಲಿದ್ದೇನೆ, ಹೊರಗೆ ಆಟಿಯ ಮಳೆ ಬಿಡುವ ಲಕ್ಷಣ ಇಲ್ಲ. ಹಾಗಾಗಿ ಸ್ವಲ್ಪ ಉದ್ದವೇ ಬರೆಯುತ್ತೇನೆ.

ನಾನು ದುಬೈಗೆ ಹೋದದ್ದು 2004ರಲ್ಲಿ. ದೇರಾದಲ್ಲಿ ಕಟ್ಟಡ ಸಾಮಾನಿನ ಒಂದು ಕಂಪನಿ, ಅಲ್ಲಿ ನಾನು ಸ್ಟೋರ್ ಕೀಪರ್. ನನ್ನನ್ನು ಕರೆಸಿಕೊಂಡ ಮ್ಯಾನೇಜರೂ ಊರಿನವರೇ, ಹೆಸರು ಬೇಡ. ಎರಡನೇ ವರ್ಷ ಅಪ್ಪನಿಗೆ ಹೃದಯಾಘಾತ ಆಯಿತೆಂದು ರಾತ್ರಿ ಫೋನ್ ಬಂತು. ಆ ಹೊತ್ತಿಗೆ ಬಾಗಿಲು ತಟ್ಟಿದೆ. ಅವರು ಎದ್ದು, ಟಿಕೆಟಿಗೆ ದುಡ್ಡು ಕೊಟ್ಟು, ಲುಂಗಿಯಲ್ಲೇ ಕಾರು ಹತ್ತಿ ಏರ್‌ಪೋರ್ಟಿಗೆ ಬಿಟ್ಟರು. ಆ ದುಡ್ಡನ್ನು ಕೊನೆಯವರೆಗೂ ವಾಪಸ್ ಕೇಳಲಿಲ್ಲ. ರಜೆ ಮುಗಿಸಿ ಬಂದ ಮೇಲೆ ಒಂದು ಡೆಲಿವರಿ ನೋಟಿನಲ್ಲಿ ನಾನು ಸಿಮೆಂಟಿನ ಲೆಕ್ಕ ತಪ್ಪು ಬರೆದೆ. ಲಾರಿಯವರು, ಹೆಲ್ಪರುಗಳು ಎಲ್ಲ ನಿಂತಿದ್ದಾಗ ಅದೇ ಮನುಷ್ಯ, "ನಿನಗೆ ಅನ್ನ ಹಾಕಿದ್ದೇ ತಪ್ಪು" ಎಂದರು. ತುಳುವಿನಲ್ಲಿ ಬೈದಿದ್ದರೆ ಅಷ್ಟು ಬೇಸರವಿರಲಿಲ್ಲ; ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲಿ ಹೇಳಿದರು.

ಆಗೆಲ್ಲ ವಾರದ ರಜೆ ಶುಕ್ರವಾರ. ಶನಿವಾರ, ಭಾನುವಾರ ಆದದ್ದು 2022ರಿಂದ. ಶುಕ್ರವಾರ ಅಮ್ಮನಿಗೆ ಫೋನ್ ಮಾಡಿದರೆ ಅವರದ್ದು ಒಂದೇ ಪ್ರಶ್ನೆ: "ಅವರು ಹೇಗೆ, ಒಳ್ಳೆಯವರಾ?" ಹೌದು ಎಂದರೆ ಗಂಟಲು ಕಟ್ಟುತ್ತಿತ್ತು, ಅಲ್ಲ ಎಂದರೆ ಪಾಪ ತಟ್ಟಿದ ಹಾಗೆ. ಒಂದೇ ಉತ್ತರ ಕೇಳುವ ಆ ಪ್ರಶ್ನೆಯೇ ಸರಿ ಇರಲಿಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ, ಅದೂ ತಂಗಿ ಹೇಳಿದ ಮೇಲೆ. ಅವಳು ಮಂಗಳೂರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಾಳೆ.

ಅವಳು ಹೇಳಿದ್ದು ಹೀಗೆ. ನಾವು ಪ್ರೀತಿ ಮತ್ತು ಸಿಟ್ಟನ್ನು ಒಂದೇ ತಕ್ಕಡಿಯ ಎರಡು ತಟ್ಟೆ ಎಂದುಕೊಳ್ಳುತ್ತೇವೆ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಅಂತ. ಮನಸ್ಸು ಹಾಗಿಲ್ಲ. ಅದು ಎರಡು ಬೇರೆ ಬೇರೆ ಕೊಡಪಾನ ಇದ್ದ ಹಾಗೆ, ಎರಡೂ ಒಟ್ಟಿಗೆ ತುಂಬಿರಬಹುದು. ಈ ಇಮ್ಮನಸ್ಸಿಗೆ 'ಆಂಬಿವೇಲೆನ್ಸ್' ಎಂದು ಹೆಸರಿಟ್ಟವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್, 1910ರಲ್ಲಿ. ಅವರು ಇದನ್ನು ಒಂದು ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿ ಸೇರಿಸಿದ್ದರೂ, ಆರೋಗ್ಯವಂತರಲ್ಲೂ ಇದು ಇರುತ್ತದೆ ಎಂದು ಅವರೇ ಹೇಳಿದ್ದಾರೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಪದವಿ ಪಡೆಯುವ ದಿನ ಮಾತಾಡಿಸಿದ್ದರು. ಖುಷಿಯೂ ದುಃಖವೂ ಒಟ್ಟಿಗೇ ಇದೆ ಎಂದವರು ಸಾಮಾನ್ಯ ದಿನಗಳಿಗಿಂತ ಅವತ್ತು ಹೆಚ್ಚು. ನೀನು ಬಜಪೆಯಲ್ಲಿ ವಿಮಾನ ಹತ್ತಿದ ದಿನ ನೆನಪು ಮಾಡಿಕೋ, ಅಧ್ಯಯನವೇ ಬೇಡ.

ಹಾಗಾದರೆ ಇಷ್ಟು ಸಂಕಟ ಯಾಕೆ? ಎರಡು ಭಾವ ಇದ್ದ ಮಾತ್ರಕ್ಕೆ ಸಂಕಟ ಆಗುವುದಿಲ್ಲ. ನಾನು ಅವರ ಜೊತೆ ಮೂರು ವರ್ಷ ಉಂಡು, ನಗಾಡಿಕೊಂಡು ಇದ್ದೆ. ಬೈಗುಳದ ದಿನ ಉಪಕಾರ ನೆನಪಾಗುತ್ತಿರಲಿಲ್ಲ, ಊಟಕ್ಕೆ ಕರೆದ ದಿನ ಬೈಗುಳ ಮರೆತುಹೋಗುತ್ತಿತ್ತು. ಎರಡೂ ಒಟ್ಟಿಗೆ ಎದುರು ಬಂದು ನಿಂತದ್ದು 2007ರಲ್ಲಿ, ವೀಸಾ ರಿನೀವಲ್‌ಗೆ ಸಹಿ ಹಾಕು ಎಂದಾಗ. ಮೂರು ರಾತ್ರಿ ನಿದ್ದೆ ಇಲ್ಲ. ತೀರ್ಮಾನ ಮಾಡಲೇಬೇಕು ಎಂದಾಗಲೇ ಇಮ್ಮನಸ್ಸು ಚುಚ್ಚುವುದು. ನೀನೂ 'ನಿಲ್ಲಬೇಕಾ, ಬಿಡಬೇಕಾ' ಎಂದು ಕೇಳುತ್ತಿದ್ದೀಯಲ್ಲ, ನಿನ್ನ ಸಂಕಟ ಅಲ್ಲಿಂದ ಬಂದದ್ದು.

ಆಗ ಜನ ಮಾಡುವ ತಪ್ಪು ಒಂದೇ: ಒಂದು ಕಣ್ಣು ಮುಚ್ಚುವುದು. ನನ್ನ ರೂಮ್‌ಮೇಟ್ ಒಬ್ಬ ಕೆಲಸ ಬಿಡಲಿಕ್ಕೆ ಧೈರ್ಯ ಬರಲೆಂದು ತನ್ನ ಸೇಠ್ ರಾಕ್ಷಸ ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಬಿಟ್ಟು ಆರು ವಾರಕ್ಕೆ ಅದೇ ಸೇಠ್‌ನ ಕಚೇರಿಯ ಹೊರಗೆ ಕುರ್ಚಿಯಲ್ಲಿ ಕೂತಿದ್ದ.

ತಂಗಿ ಹೇಳಿಕೊಟ್ಟ ಕ್ರಮ ಸುಲಭ. ಎರಡು ಪ್ರಶ್ನೆ, ಬೇರೆ ಬೇರೆ ದಿನ. ಮೊದಲ ದಿನ: ಅವರ ಒಳ್ಳೆಯದನ್ನು ಮಾತ್ರ ನೆನೆದರೆ, ಕೆಟ್ಟದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಹತ್ತರಲ್ಲಿ ಎಷ್ಟು? ಇನ್ನೊಂದು ದಿನ ಕೆಟ್ಟದ್ದನ್ನು ಮಾತ್ರ. ನನಗೆ ಬಂದದ್ದು ಒಳ್ಳೆಯದಕ್ಕೆ 8, ಕೆಟ್ಟದ್ದಕ್ಕೆ 7. ಒಟ್ಟಿನಲ್ಲಿ ಹೇಗೆ ಎಂದು ಕೇಳಿದ್ದರೆ ಸುಮಾರು ಎನ್ನುತ್ತಿದ್ದೆ. ಎದುರಿನ ಕೆಫೆಟೇರಿಯಾದವನ ಬಗ್ಗೆ ಕೇಳಿದರೂ ಸುಮಾರು ಎಂದೇ ಹೇಳುತ್ತಿದ್ದೆ. ಅವನಿಗೆ ಒಳ್ಳೆಯದು 1, ಕೆಟ್ಟದ್ದು 0. ಉತ್ತರ ಒಂದೇ ಆದರೂ ಅವನಿಂದಾಗಿ ನಾನು ಒಂದು ರಾತ್ರಿಯೂ ನಿದ್ದೆಗೆಟ್ಟವನಲ್ಲ.

ಅಂಕ ಹಾಕಿ ಬಿಡಬೇಡ. ಪ್ರತಿ ಸಂಗತಿಯ ಎದುರು ಯಾವಾಗ, ಎಲ್ಲಿ ನಡೆದದ್ದು ಎಂದು ಬರೆ. ನಾನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಒಳ್ಳೆಯ ಸಂಗತಿಗಳಲ್ಲಿ ಆ ವರ್ಷದ್ದೂ ನಾಲ್ಕಿದ್ದವು, ಬರೀ ಹಳೆಯ ಋಣ ಅಲ್ಲ. ಕೆಟ್ಟದ್ದು ಹನ್ನೊಂದು, ಅದರಲ್ಲಿ ಒಂಬತ್ತು ತಿಂಗಳ ಕೊನೆಯ ವಾರದ್ದು, ಲೋಡಿಂಗ್ ಜಾಗದ್ದು, ಡೆಲಿವರಿ ನೋಟಿನದ್ದು. ಬಾಕಿ ವಸೂಲಿಯಾಗದೆ ಮಾಲೀಕರು ಅವರನ್ನು ಉಗಿಯುವ ವಾರವೂ ಅದೇ. ಒಂದು ಸಂಜೆ ಟೀ ಕುಡಿಯುವಾಗ ಹೇಳಿದೆ: "ತಪ್ಪಾದರೆ ಒಳಗೆ ಕರೆದು ಎಷ್ಟು ಬೇಕಾದರೂ ಬೈಯಿರಿ, ಲಾರಿಯವರ ಎದುರು ಬೇಡ." ಅವರು ಮಾತಾಡಲಿಲ್ಲ. ಎರಡು ತಿಂಗಳು ಒಳಗೆ ಕರೆದೇ ಬೈದರು, ಆಮೇಲೆ ಮತ್ತೆ ಒಮ್ಮೊಮ್ಮೆ ಹೊರಗೆ. ನಾನು ಸಹಿ ಹಾಕಿದೆ. 2010ರಲ್ಲಿ ಬೇರೆ ಕಡೆ ಒಳ್ಳೆ ಸಂಬಳ ಸಿಕ್ಕಿತು, ಹೋದೆ.

ನಿನ್ನ ಪಟ್ಟಿ ನನ್ನ ಹಾಗೇ ಬರಬೇಕೆಂದಿಲ್ಲ. ಒಳ್ಳೆಯದರ ಸಾಲಿನಲ್ಲಿ ಎಂಟು ತಿಂಗಳ ಹಿಂದಿನ ವೀಸಾ ಒಂದೇ ಇದ್ದು, ಕೆಟ್ಟದ್ದು ಪ್ರತಿ ವಾರ ಸೇರುತ್ತಾ ಹೋದರೆ, ಅಲ್ಲಿ ಉಳಿದದ್ದು ಪ್ರೀತಿ ಅಲ್ಲ, ಋಣಭಾರ. ಬೇರೆ ಕೆಲಸ ಹುಡುಕಲು ಶುರು ಮಾಡು. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿದ್ದರೆ, ಸಂಬಳ ತಡೆದಿದ್ದರೆ ಈ ಅಂಕಗಳ ಆಟವೇ ಬೇಡ. ಯುಎಇಯಲ್ಲಿ ನೌಕರನ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಕಂಪನಿಗೆ ಹಕ್ಕಿಲ್ಲ. ಅದು ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡುವ ವಿಷಯ.

ಇನ್ನೊಂದು. ಸಹಜ ಎಂದ ಮಾತ್ರಕ್ಕೆ ಮೈಗೆ ತಟ್ಟುವುದಿಲ್ಲ ಎಂದಲ್ಲ. 2003ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನರಿಗೆ ದಿನವಿಡೀ ಬಿಪಿ ಯಂತ್ರ ಕಟ್ಟಿ ನೋಡಿದ್ದರು. ಮೇಲಿನ ಬಿಪಿ ಅತಿ ಹೆಚ್ಚು ಏರಿದ್ದು ಇಷ್ಟವೂ ಸಿಟ್ಟೂ ಎರಡೂ ಇರುವವರ ಜೊತೆ ಮಾತಾಡುವಾಗ, ಬರೀ ಇಷ್ಟವಿಲ್ಲದವರ ಜೊತೆ ಅಲ್ಲ. ಇಷ್ಟವಿಲ್ಲದವರು ಬೈಯುತ್ತಾರೆಂದು ನಾವು ಮೊದಲೇ ಸಜ್ಜಾಗಿರುತ್ತೇವೆ. ಇವರು ಇವತ್ತು ಯಾವ ಮುಖ ತೋರಿಸುತ್ತಾರೋ ಗೊತ್ತಿರುವುದಿಲ್ಲ. ಇದು ನನ್ನ ಊಹೆ, ಅಧ್ಯಯನದ್ದಲ್ಲ. ಅದಕ್ಕೇ ಹೇಳುವುದು, ಕೆಲಸವೂ ಅವರ ಕೈಯಲ್ಲಿ, ರೂಮೂ ಅವರ ಜೊತೆ ಎಂದಾದರೆ ಮೊದಲು ರೂಮು ಬದಲಿಸು. ಐದಾರು ತಾಸು ಆ ಮುಖ ಕಾಣದಿದ್ದರೆ ಲೆಕ್ಕ ಸರಿಯಾಗಿ ಬರೆಯಲಿಕ್ಕಾಗುತ್ತದೆ.

ಆ ಮ್ಯಾನೇಜರ್ ಈಗ ರಿಟೈರ್ ಆಗಿ ಮೂಲ್ಕಿ ಹತ್ತಿರ ಮನೆ ಕಟ್ಟಿ ಕೂತಿದ್ದಾರೆ. ಪ್ರತಿ ರಜೆಯಲ್ಲೂ ಖರ್ಜೂರ ಹಿಡಿದುಕೊಂಡು ಹೋಗುತ್ತೇನೆ. ನನ್ನನ್ನು ಕಂಡರೆ ಅವರ ಮುಖ ಅರಳುತ್ತದೆ, ನನ್ನದೂ. ಗೋಳಿಬಜೆ ತಿನ್ನಿಸುತ್ತಾರೆ, ಅಪ್ಪನನ್ನು ಕೇಳುತ್ತಾರೆ. ಮುಕ್ಕಾಲು ಗಂಟೆಯ ಹೊತ್ತಿಗೆ, "ಇವನಿಗೆ ಆಗ ಸಿಮೆಂಟ್ ಲೆಕ್ಕವೂ ಬರುತ್ತಿರಲಿಲ್ಲ" ಎಂದು ಸೊಸೆಯ ಎದುರು ಶುರು ಮಾಡುತ್ತಾರೆ. ನಾನು ಮೆಲ್ಲ ಚಪ್ಪಲಿ ಹುಡುಕುತ್ತೇನೆ. ನಾಳೆ ಮಳೆ ಬಿಟ್ಟರೆ ಹೋಗಿಬರಬೇಕು.